ಐದು ತಿಂಗಳು ಮೊದಲೇ ಹೋದ ಪತ್ರ

ನನ್ನ ಅಕ್ಕನ ಮಗ ಬೆಂಗಳೂರಿನ ಅನಿಮೇಷನ್ ಸ್ಟುಡಿಯೋದ ಕೆಲಸ ಬಿಟ್ಟು ಮಿರ್ಲೆಗೆ ಬಂದು ಕೂತಿದ್ದಾನೆ. ಚುಂಚನಕಟ್ಟೆ ದನಗಳ ಜಾತ್ರೆಗೆ ಹೊರಟ ಮುದಿ ಎತ್ತೊಂದರ ಕತೆಯನ್ನು ಆರು ನಿಮಿಷದ ಕಿರುಚಿತ್ರ ಮಾಡುತ್ತಿದ್ದಾನೆ. ಮಾಡಲಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು 2025ರ ಫೆಬ್ರವರಿ 3ರಂದು ಅವನು ಸ್ಟುಡಿಯೋಗೆ ಕಳಿಸಿದ ರಾಜೀನಾಮೆ ಪತ್ರದ ಮೇಲೆ. ಕಳಿಸಿ ಎರಡು ದಿನ ಆದ ಮೇಲೆ ನನಗೆ ತೋರಿಸಿದ. ಆಗಲೇ ಎಚ್.ಆರ್. ಕಡೆಯಿಂದ ‘ಅಂಗೀಕರಿಸಲಾಗಿದೆ’ ಎಂಬ ಉತ್ತರವೂ ಬಂದಿತ್ತು.

ಪತ್ರ ಒಂದೂವರೆ ಪುಟ ಇತ್ತು. ಓದಿದರೆ ಕಣ್ಣು ತೇವವಾಗಬೇಕು, ಹಾಗೆ ಬರೆದಿದ್ದ. ಅದರಲ್ಲಿ ಮೂರು ಕಡೆ ದುಡ್ಡು ಸೋರಿಹೋಗಿತ್ತು.

ಮೊದಲನೆಯದು ದಿನಾಂಕ. ಅವನು ಕೆಲಸಕ್ಕೆ ಸೇರಿದ್ದು 2020ರ ಆಗಸ್ಟ್ 3ಕ್ಕೆ. ಗ್ರಾಚ್ಯುಟಿಗೆ ಐದು ವರ್ಷದ ಸತತ ಸೇವೆ ಬೇಕು. ‘ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಲೆಕ್ಕ ಹಿಡೀತಾರಂತಲ್ಲ ಮಾವ, ನಾಲ್ಕೂವರೆ ಆದ್ರೆ ಐದೇ ಅಲ್ವಾ?’ ಅಂದ. ಸ್ಟುಡಿಯೋದ ಅರ್ಧ ಹುಡುಗರು ಹೀಗೇ ನಂಬಿದ್ದಾರಂತೆ. ಆರು ತಿಂಗಳನ್ನು ವರ್ಷವೆಂದು ಎಣಿಸುವ ಮಾತು ಕಾನೂನಿನಲ್ಲಿ ಇರುವುದು ನಿಜ. ಆದರೆ ಅದು ಅರ್ಹತೆ ಬಂದ ಮೇಲೆ ಮೊತ್ತ ಎಷ್ಟೆಂದು ಲೆಕ್ಕ ಹಾಕಲಿಕ್ಕೆ. ಏಳು ವರ್ಷ ಏಳು ತಿಂಗಳು ದುಡಿದವನಿಗೆ ಎಂಟು ವರ್ಷದ್ದು ಸಿಗುತ್ತದೆ; ನಾಲ್ಕು ವರ್ಷ ಏಳು ತಿಂಗಳು ದುಡಿದವನಿಗೆ ಐದು ವರ್ಷದ್ದು ಸಿಗುವುದಿಲ್ಲ.

ಇನ್ನೊಂದು ದಾರಿ ಇತ್ತು. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ, ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನ, ಆ ವರ್ಷ ತುಂಬಿದಂತೆಯೇ ಎಂದು ಆಗ ಜಾರಿಯಲ್ಲಿದ್ದ ಗ್ರಾಚ್ಯುಟಿ ಕಾಯ್ದೆಯ 2ಎ ಕಲಮನ್ನು ಹಿಡಿದು ವಾದಿಸಬಹುದಿತ್ತು. ಮದ್ರಾಸ್ ಹೈಕೋರ್ಟ್ ಈ ವಾದವನ್ನು ಒಪ್ಪಿದೆ. ಆದರೆ ಕಂಪನಿಗಳು ಸುಲಭಕ್ಕೆ ಒಪ್ಪುವುದಿಲ್ಲ, ಕಾರ್ಮಿಕ ಇಲಾಖೆಗೆ ಅಲೆಯಬೇಕು. ಇವನದು ವಾರಕ್ಕೆ ಐದು ದಿನದ ಸ್ಟುಡಿಯೋ. ಐದನೆಯ ವರ್ಷದಲ್ಲಿ ಕೂತು ಕೆಲಸ ಮಾಡಿದ ದಿನಗಳು 150ರ ಆಸುಪಾಸು. ಅಲೆದರೂ ಗಿಟ್ಟುವುದು ಕಷ್ಟ.

ಕಳೆದುಕೊಂಡದ್ದೆಷ್ಟು ಅಂತ ಅವನ ಮುಂದೆಯೇ ಲೆಕ್ಕ ಬರೆದೆ. ನಿಧಾನವಾಗಿಯೇ ಬರೆಯುತ್ತೇನೆ, ನೀವೂ ನಿಮ್ಮ ಅಂಕಿ ಹಾಕಿಕೊಂಡು ನೋಡಿ.

ಅವನ ಬೇಸಿಕ್ 32,000. ಅದನ್ನು 15ರಿಂದ ಗುಣಿಸಿದರೆ 4,80,000. ತಿಂಗಳಿಗೆ 26 ದಿನವೆಂದು ಭಾಗಿಸಿದರೆ ವರ್ಷವೊಂದಕ್ಕೆ 18,461 ರೂಪಾಯಿ ಚಿಲ್ಲರೆ. ಐದು ವರ್ಷಕ್ಕೆ 92,308. ಇದು ಒಂದು. ಇನ್ನು ಕೈಗೆ ಬರುತ್ತಿದ್ದ ಸಂಬಳ 55,000. ಬೆಂಗಳೂರಿನ ಬಾಡಿಗೆ, ಊಟ, ಓಡಾಟ ಕಳೆದು ಉಳಿಯುತ್ತಿದ್ದದ್ದು 14,000. ಮಾರ್ಚ್‌ನಿಂದ ಜುಲೈವರೆಗೆ ಐದು ತಿಂಗಳು ಇದ್ದಿದ್ದರೆ 70,000. ಎರಡೂ ಸೇರಿ 1,62,308.

ಈಗ ಇದನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಆರು ನಿಮಿಷ ಅಂದರೆ 360 ಸೆಕೆಂಡು. ಕೈಯಲ್ಲಿ ಬರೆಯುವ ಚಿತ್ರ. ಸೆಕೆಂಡಿಗೆ ಹನ್ನೆರಡು ಡ್ರಾಯಿಂಗ್. ಒರಟು ಗೆರೆ, ಕ್ಲೀನಪ್, ಬಣ್ಣ ಎಲ್ಲ ಒಬ್ಬನೇ ಮಾಡಿದರೆ ದಿನಕ್ಕೆ ಒಂದು ಸೆಕೆಂಡು ಮುಗಿದರೆ ದೊಡ್ಡದು ಎಂದು ಅವನೇ ಹೇಳಿದ. ತಿಂಗಳಿಗೆ 24 ದಿನ ಕೂತರೆ ಹದಿನೈದು ತಿಂಗಳು. ಇದು ಅವನ ಸೋಮಾರಿತನದ ಲೆಕ್ಕವಲ್ಲ. ಗೀತಾಂಜಲಿ ರಾವ್ ತಮ್ಮ ‘ಪ್ರಿಂಟೆಡ್ ರೇನ್‌ಬೋ’ ಚಿತ್ರವನ್ನು ಒಬ್ಬರೇ ಕೂತು ಬರೆದರು. ಸುಮಾರು ಹದಿನೈದು ನಿಮಿಷದ ಆ ಚಿತ್ರಕ್ಕೆ ಮೂರು ವರ್ಷ ಹಿಡಿಯಿತು. ಅದು 2006ರಲ್ಲಿ ಕಾನ್‌ನ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಪಡೆದ ಮೇಲಷ್ಟೇ ಜನಕ್ಕೆ ಗೊತ್ತಾದದ್ದು.

ಮಿರ್ಲೆಯಲ್ಲಿ ಅವನ ತಿಂಗಳ ಖರ್ಚು 12,000. ಹದಿನೈದು ತಿಂಗಳಿಗೆ 1,80,000. ಧ್ವನಿ, ಸಂಗೀತ, ಮಿಕ್ಸಿಂಗ್, ಚಿತ್ರೋತ್ಸವಗಳ ಪ್ರವೇಶ ಶುಲ್ಕ ಅಂತ ಒಂದು ಲಕ್ಷ. ಒಟ್ಟು 2,80,000 ಬೇಕು. ಬ್ಯಾಂಕಿನಲ್ಲಿ ಇದ್ದದ್ದು 2,40,000. ಎಲ್ಲ ಅಂದುಕೊಂಡಂತೆಯೇ ನಡೆದರೂ ನಲವತ್ತು ಸಾವಿರ ಖೋತಾ. ಆ 1,62,308 ಕೈಯಲ್ಲಿದ್ದಿದ್ದರೆ ಖೋತಾ ತುಂಬಿ ಮೇಲೆ 1,22,308 ಉಳಿಯುತ್ತಿತ್ತು. ಮಿರ್ಲೆಯ ಖರ್ಚಿನಲ್ಲಿ ಅದು ಹತ್ತು ತಿಂಗಳು. ಚಿತ್ರ ತಡವಾಗುವುದು ಖಂಡಿತ. ಆ ಹತ್ತು ತಿಂಗಳು ಅದಕ್ಕೇ ಬೇಕಾಗಿತ್ತು. ಐದು ತಿಂಗಳು ಕೊಟ್ಟಿದ್ದರೆ ಹದಿಮೂರೂವರೆ ತಿಂಗಳ ಊಟ ಸಿಗುತ್ತಿತ್ತು.

ಪೂರ್ತಿ ಐದು ತಿಂಗಳು ಸುಮ್ಮನೆ ಕಾಯಬೇಕಾಗಿಯೂ ಇರಲಿಲ್ಲ. ನೋಟಿಸ್ ಅವಧಿಯೂ ಸೇವೆಯ ಲೆಕ್ಕಕ್ಕೇ ಸೇರುತ್ತದೆ. ಇವನದು 60 ದಿನದ ನೋಟಿಸ್. ಜೂನ್ 5ಕ್ಕೆ ಪತ್ರ ಕೊಟ್ಟಿದ್ದರೆ ಕೊನೆಯ ದಿನ ಆಗಸ್ಟ್ 4, ಐದು ವರ್ಷ ತುಂಬಿ ಎರಡು ದಿನ ಮೇಲೆ.

ಇದಕ್ಕೆ ಅವನ ಹತ್ತಿರ ಒಳ್ಳೆಯ ಉತ್ತರವೇ ಇತ್ತು. ಅದೇ ಫೆಬ್ರವರಿ 24ರ ಹೊತ್ತಿಗೆ ಟೆಕ್ನಿಕಲರ್ ಸಮೂಹ ಕುಸಿಯಿತು. ಬೆಂಗಳೂರಿನ ಅದರ ಸ್ಟುಡಿಯೋಗಳಿಗೆ ಬೀಗ ಬಿದ್ದು ಸಾವಿರಾರು ಮಂದಿ ರಾತ್ರೋರಾತ್ರಿ ಬೀದಿಗೆ ಬಂದರು. ‘ಕಾಯ್ಕೊಂಡು ಕೂತಿದ್ರೆ ನಂದೂ ಅದೇ ಗತಿ ಆಗಿದ್ರೆ ಏನ್ ಮಾಡ್ತಿದ್ರಿ ಮಾವ?’ ಅಂದ. ಮಾತು ಸುಳ್ಳಲ್ಲ. ಸಂಸ್ಥೆ ಮುಳುಗುತ್ತಿದ್ದರೆ ಐದು ವರ್ಷಕ್ಕೆ ಕಾಯುವುದು ದಡ್ಡತನ. ಆದರೆ ಮುಳುಗುತ್ತಿದೆಯೋ ಇಲ್ಲವೋ ತಿಳಿಯಲು ಗುರುತುಗಳಿವೆ. ಸಂಬಳದ ದಿನ ಒಂದರಿಂದ ಏಳಕ್ಕೆ, ಏಳರಿಂದ ಹದಿನೈದಕ್ಕೆ ಜಾರುತ್ತಿದೆಯೇ? ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಜಮಾ ಕಾಣುತ್ತಿದೆಯೇ? ಗ್ರಾಚ್ಯುಟಿ ಹಣವನ್ನು ಎಲ್‌ಐಸಿಯಂಥ ಕಡೆ ಗುಂಪು ಯೋಜನೆಯಲ್ಲಿ ಕಟ್ಟಿಟ್ಟಿದ್ದಾರೆಯೇ, ಇಲ್ಲಾ ಬರೀ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆಯೇ? ಅವನ ಸ್ಟುಡಿಯೋದಲ್ಲಿ ಸಂಬಳ ಒಂದು ದಿನವೂ ತಪ್ಪಿರಲಿಲ್ಲ, ಪಿಎಫ್ ಸರಿಯಾಗಿ ಬೀಳುತ್ತಿತ್ತು. ಇವತ್ತಿಗೂ ಅದು ನಡೆಯುತ್ತಿದೆ.

ಎರಡನೆಯ ಸೋರಿಕೆ ಒಂದೇ ಸಾಲಿನದು. ‘ಸಾಧ್ಯವಾದಷ್ಟು ಬೇಗ ನನ್ನನ್ನು ಬಿಡುಗಡೆ ಮಾಡಬೇಕೆಂದು ವಿನಂತಿ’ ಅಂತ ಬರೆದಿದ್ದ. ಸ್ಟುಡಿಯೋ ವಿನಂತಿ ಮನ್ನಿಸಿ ಫೆಬ್ರವರಿ 28ಕ್ಕೇ ಬಿಡುಗಡೆ ಮಾಡಿತು. ನೋಟಿಸ್ ಮುಗಿಯಬೇಕಾಗಿದ್ದದ್ದು ಏಪ್ರಿಲ್ 4ಕ್ಕೆ. ಆ ಸಾಲು ಇಲ್ಲದಿದ್ದರೆ ಮಾರ್ಚ್ ತಿಂಗಳ ಸಂಬಳ ಬರುತ್ತಿತ್ತು. ಜೊತೆಗೆ ಕಂಪನಿಯ ಗುಂಪು ಆರೋಗ್ಯ ವಿಮೆಯೂ ಅವತ್ತಿಗೇ ಮುಗಿಯಿತು. ಅದರಲ್ಲಿ ನಮ್ಮಕ್ಕನ ಹೆಸರಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಹೊಸ ಪಾಲಿಸಿ ಮಾಡಿಸಿದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕೆಲಸದಲ್ಲಿರುವಾಗಲೇ ಅದೇ ವಿಮಾ ಕಂಪನಿಗೆ ಅರ್ಜಿ ಹಾಕಿ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದಿತ್ತು. ಇಪ್ಪತ್ತೈದು ದಿನದಲ್ಲಿ ಗಂಟು ಕಟ್ಟುವ ಗಡಿಬಿಡಿಯಲ್ಲಿ ಯಾರಿಗೆ ನೆನಪಾಗುತ್ತದೆ?

ಮೂರನೆಯದು ನನ್ನ ನಿದ್ದೆ ಕೆಡಿಸಿದ್ದು. ಕೃತಜ್ಞತೆ ಹೇಳುವ ಭರದಲ್ಲಿ, ‘ಎರಡು ವರ್ಷದಿಂದ ರಾತ್ರಿ ಸ್ಟುಡಿಯೋದಲ್ಲೇ ಕೂತು, ಇಲ್ಲಿನ ಟ್ಯಾಬ್ಲೆಟ್‌ನಲ್ಲೇ ನನ್ನ ಎತ್ತಿನ ಚಿತ್ರಗಳನ್ನು ಬರೆದೆ’ ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದ್ದ! 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರೇ ಮೊದಲ ಹಕ್ಕುದಾರರು. ರಾತ್ರಿ ತನ್ನ ಪಾಡಿಗೆ ಬರೆದದ್ದು ನೌಕರಿಯ ಭಾಗ ಅಲ್ಲವೆಂದು ವಾದಿಸಬಹುದು. ಆದರೆ ಜಾಗ ಅವರದು, ಯಂತ್ರ ಅವರದು, ಸಾಫ್ಟ್‌ವೇರ್ ಲೈಸೆನ್ಸ್ ಅವರದು. ಮೇಲೆ ನೇಮಕಾತಿ ಪತ್ರದಲ್ಲಿ ‘ಸಂಸ್ಥೆಯ ಸಲಕರಣೆ ಬಳಸಿ ಮಾಡಿದ್ದೆಲ್ಲ ಸಂಸ್ಥೆಯದು’ ಎಂಬ ಸಾಲೂ ಇತ್ತು. ಚಿತ್ರವನ್ನು ನಾಳೆ ಯಾರಾದರೂ ಕೊಳ್ಳಲು ಬಂದರೆ ಮೊದಲು ಕೇಳುವುದು ಹಕ್ಕು ಯಾರದು ಅಂತಲೇ. ಅವನ ಹತ್ತಿರ ಇರುವ ಆಸ್ತಿ ಅಂದರೆ ಆ ಎತ್ತು ಒಂದೇ.

ಇದೊಂದನ್ನು ಸರಿಮಾಡಲು ಸಾಧ್ಯವಾಯಿತು. ಕೊನೆಯ ದಿನಕ್ಕೆ ಮುಂಚೆ ಮ್ಯಾನೇಜರಿಗೆ ಬೇರೆ ಮೇಲ್ ಬರೆಸಿದೆ: ಚಿತ್ರದ ಹೆಸರು, ಪಾತ್ರಗಳ ಹೆಸರು, ಎಂಟು ಸ್ಕೆಚ್‌ಗಳನ್ನು ಲಗತ್ತಿಸಿ, ಇವುಗಳ ಮೇಲೆ ಸಂಸ್ಥೆಗೆ ಯಾವ ಹಕ್ಕೂ ಇಲ್ಲವೆಂದು ದೃಢೀಕರಿಸಿ ಅಂತ. ಆ ಪುಣ್ಯಾತ್ಮ ಕಂಪನಿಯ ವಕೀಲರನ್ನು ಕೇಳಿ ಮೂರು ದಿನಕ್ಕೆ ಒಪ್ಪಿಗೆ ಕಳಿಸಿದರು. ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ಕೇಳಿದ್ದರೆ ಕಳಿಸುತ್ತಿದ್ದರೋ ಇಲ್ಲವೋ.

ಇಷ್ಟರ ನಡುವೆ ಬ್ಯಾಂಕಿನ ಹುಡುಗನೊಬ್ಬ ಇವನಿಗೆ ಫೋನ್ ಮಾಡಿದ್ದ. ‘ಸಂಬಳದ ಸ್ಲಿಪ್ ಜೀವಂತ ಇರುವಾಗಲೇ ಪರ್ಸನಲ್ ಲೋನ್ ತಗೊಂಡುಬಿಡಿ ಸರ್, ಆಮೇಲೆ ಸಿಗಲ್ಲ’ ಅಂತ. ಐದು ಲಕ್ಷ, ಶೇ 16 ಬಡ್ಡಿ, ಐದು ವರ್ಷ. ಇಎಂಐ 12,159. ಅಂದರೆ ಮಿರ್ಲೆಯಲ್ಲಿ ಅವನು ಬದುಕಲು ಬೇಕಾದಷ್ಟೇ ದುಡ್ಡು ಪ್ರತಿ ತಿಂಗಳು ಬ್ಯಾಂಕಿಗೆ. ರಾಜೀನಾಮೆ ಕೊಟ್ಟದ್ದನ್ನು ಮುಚ್ಚಿಟ್ಟು ಸಾಲ ತೆಗೆಯುವುದು ಬ್ಯಾಂಕಿಗೆ ಸುಳ್ಳು ಹೇಳಿದಂತೆ. ಆ ಹುಡುಗನಿಗೆ ಅದು ಗೊತ್ತಿಲ್ಲದೆ ಇಲ್ಲ, ಅವನಿಗೆ ತಿಂಗಳ ಟಾರ್ಗೆಟ್ ಇದೆ. ಕಿರುಚಿತ್ರಕ್ಕೆ ಪರ್ಸನಲ್ ಲೋನ್ ತೆಗೆಯುವವರ ಜೊತೆ ನಾನು ಚರ್ಚೆ ಮಾಡುವುದಿಲ್ಲ. ಬೇಡ ಅಂದರೆ ಬೇಡ. ಪಿಎಫ್‌ಗೂ ಕೈ ಹಾಕಬೇಡ ಅಂದಿದ್ದೇನೆ. ಐದು ವರ್ಷ ತುಂಬದೆ ತೆಗೆದರೆ ತೆರಿಗೆ ಕಿತ್ತುಕೊಳ್ಳುತ್ತಾರೆ.

ಊರಿಗೆ ಬಂದು ಕೂತವರಿಗೆ ಒಂದು ಮಾತು. ಅಮ್ಮನ ಮನೆಯ ಊಟ ಬಿಟ್ಟಿ ಅಂತ ಲೆಕ್ಕದಿಂದ ಬಿಡುತ್ತೀರಿ. ಆ ಹನ್ನೆರಡು ಸಾವಿರದಲ್ಲಿ ಐದು ಸಾವಿರ ಒಂದನೇ ತಾರೀಕಿಗೆ ಅಕ್ಕನ ಕೈಗೆ ಹೋಗಬೇಕೆಂದು ನಾನೇ ಬರೆಸಿದ್ದು. ರಾತ್ರಿಯೆಲ್ಲ ಕಂಪ್ಯೂಟರ್ ಉರಿದರೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಬೇಜಾರಾಯಿತೆಂದು ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ಕಾಫಿ ಕುಡಿದು ಬರುವುದೂ ಚಿತ್ರದ ಖರ್ಚೇ. ಮೊದಲ ಮೂರು ತಿಂಗಳು ಇವನು ಏನನ್ನೂ ಬರೆದಿಡಲಿಲ್ಲ. ಕೇಳಿದರೆ ‘ಜಾಸ್ತಿ ಏನಿಲ್ಲ ಮಾವ’ ಅನ್ನುತ್ತಿದ್ದ. ಸೆಕೆಂಡಿಗೆ ಹನ್ನೆರಡು ಚಿತ್ರ ಬರೆಯುವವನಿಗೆ ದಿನಕ್ಕೊಂದು ಸಾಲು ಬರೆಯಲು ಕಷ್ಟವೇ?

ಇವನು ಕೆಲಸ ಬಿಟ್ಟ ಮೇಲೆ, 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಹಾಗೇ ಇದೆ. ನಿಗದಿತ ಅವಧಿಯ ಕರಾರಿನವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಪ್ರಾಜೆಕ್ಟ್ ಲೆಕ್ಕದಲ್ಲಿ ಕರಾರಿನ ಮೇಲೆ ದುಡಿಯುವ ಅನಿಮೇಟರ್‌ಗಳು ಇದನ್ನು ಗಮನಿಸಬೇಕು.

ಪತ್ರ ಬರೆಯಲು ಕೂತಿರುವವರು ನೇಮಕಾತಿ ಪತ್ರ ತೆಗೆದು ಸೇರಿದ ದಿನಾಂಕ, ನೋಟಿಸ್ ದಿನಗಳು, ಹಕ್ಕಿನ ಕಲಮು ಈ ಮೂರನ್ನು ಮೊದಲು ಓದಿ. ಪತ್ರದಲ್ಲಿ ನಾಲ್ಕೇ ಸಾಲು ಸಾಕು: ರಾಜೀನಾಮೆ ಕೊಡುತ್ತಿದ್ದೇನೆ, ನೋಟಿಸ್ ಪೂರ್ತಿ ಮುಗಿಸುತ್ತೇನೆ, ಕೊನೆಯ ದಿನ ಇಂಥದ್ದು, ಬಾಕಿ ಲೆಕ್ಕ ಚುಕ್ತಾ ಮಾಡಿ. ಚಿತ್ರದ ಕತೆಯನ್ನು ಬೀಳ್ಕೊಡುಗೆಯ ದಿನ ಬಾಯಲ್ಲಿ ಹೇಳಿ.