ಮಗುವಿಗೆ ಗಂಟಲು ನೋವು: ಆ್ಯಂಟಿಬಯೋಟಿಕ್ ಕೊಡುವ ಮುನ್ನ ತಾಯ್ತಂದೆಯರಿಗೆ 7 ಸೂತ್ರಗಳು

ಶಾಲೆಯಿಂದ ಬಂದ ಏಳು ವರ್ಷದ ಮಗು ಊಟದ ತಟ್ಟೆ ದೂಡಿ, "ನುಂಗಿದ್ರೆ ನೋಯುತ್ತೆ" ಅನ್ನುತ್ತದೆ. ಮೈ ಮುಟ್ಟಿದರೆ ಬಿಸಿ. ಎಷ್ಟೋ ಮನೆಗಳಲ್ಲಿ ಮುಂದಿನ ಹೆಜ್ಜೆ ಮೆಡಿಕಲ್ ಶಾಪಿನತ್ತ, ಇಲ್ಲವೇ ಕಳೆದ ಬಾರಿ ಉಳಿದಿದ್ದ ಮಾತ್ರೆಗಳತ್ತ. ಆ ಹೆಜ್ಜೆ ಇಡುವ ಮೊದಲು ಇವನ್ನು ಓದಿ.

1. ಅಪಾಯವಿದೆಯೇ ಎಂದು ಮೊದಲು ನೋಡಿ

ಮಗು ತನ್ನ ಎಂಜಲನ್ನೂ ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಉಸಿರು ಎಳೆಯುವಾಗ ಕೀರಲು ಸದ್ದು ಬರುತ್ತಿದ್ದರೆ, ಬಾಯಿ ಅಗಲಿಸಲು ಆಗದಿದ್ದರೆ, ಬಾಯೊಳಗೆ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ಧ್ವನಿ ಬದಲಾಗಿದ್ದರೆ, ಕತ್ತು ತಿರುಗಿಸಲಾಗದಿದ್ದರೆ ತಡಮಾಡಬೇಡಿ. ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ, ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಇಂಥ ಮಗುವಿನ ಬಾಯಿಗೆ ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಉಸಿರಿನ ದಾರಿ ಮೊದಲೇ ಕಿರಿದಾಗಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳಬಹುದು. ಎಂಟು ಗಂಟೆಗಳಿಂದ ಮೂತ್ರವೇ ಆಗಿಲ್ಲ, ಮಗು ಮಂಕಾಗಿ ಮಲಗಿದೆ ಎಂದಾದರೂ ಅದೇ ದಿನ ವೈದ್ಯರು ನೋಡಬೇಕು.

2. ಕೆಮ್ಮು, ನೆಗಡಿ ಇದೆಯೇ ಎಂದು ಕೇಳಿಕೊಳ್ಳಿ

ಮಕ್ಕಳ ಗಂಟಲು ನೋವಿಗೆ ಹೆಚ್ಚಿನ ಪಾಲು ವೈರಸ್ ಕಾರಣ. ಬ್ಯಾಕ್ಟೀರಿಯಾಗಳ ಪೈಕಿ ನಾವು ನಿಜಕ್ಕೂ ಹುಡುಕಬೇಕಾದದ್ದು ಗುಂಪು 'ಎ' ಸ್ಟ್ರೆಪ್ಟೊಕಾಕಸ್, ವೈದ್ಯರ ಬಾಯಲ್ಲಿ ಚಿಕ್ಕದಾಗಿ 'ಸ್ಟ್ರೆಪ್'. ಐದರಿಂದ ಹದಿನೈದು ವರ್ಷದವರಲ್ಲಿ ಇದು ಹೆಚ್ಚು. ಆದರೂ ಗಂಟಲು ನೋವೆಂದು ಬರುವ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಇದು ಕಾರಣವಾಗಿರುತ್ತದೆ.

ಒಂದೇ ತರಗತಿಯ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳೋಣ. ಇಬ್ಬರಿಗೂ ಗಂಟಲು ನೋವು, ಜ್ವರ. ಮೊದಲನೆಯವಳಿಗೆ ಎರಡು ದಿನದಿಂದ ಮೂಗು ಸೋರುತ್ತಿದೆ, ಕೆಮ್ಮಿದೆ, ಧ್ವನಿ ಕೂತಿದೆ, ಕಣ್ಣು ಕೊಂಚ ಕೆಂಪಾಗಿದೆ. ಎರಡನೆಯವನು ಬೆಳಿಗ್ಗೆ ಚೆನ್ನಾಗಿಯೇ ಇದ್ದ. ಮಧ್ಯಾಹ್ನದ ಹೊತ್ತಿಗೆ 102 ಡಿಗ್ರಿ ಜ್ವರ, ತಲೆನೋವು, ಹೊಟ್ಟೆನೋವು, ಒಂದು ಸಲ ವಾಂತಿಯೂ ಆಯಿತು. ಕೆಮ್ಮಿಲ್ಲ, ನೆಗಡಿಯಿಲ್ಲ. ದವಡೆಯ ಮೂಲೆಯ ಕೆಳಗೆ ಕತ್ತಿನಲ್ಲಿ ಗಂಟು ಎದ್ದಿದೆ, ಮುಟ್ಟಿದರೆ ಅಳುತ್ತಾನೆ. ಅವಳದು ಬಹುತೇಕ ವೈರಸ್. ಇವನನ್ನು ವೈದ್ಯರ ಬಳಿ ಕರೆದೊಯ್ಯಲೇಬೇಕು.

ವೈದ್ಯರು ನಾಲ್ಕು ಸಂಗತಿಗಳನ್ನು ಎಣಿಸುತ್ತಾರೆ, ಮೊದಲ ಮೂರು ಇವನಲ್ಲಿ ಕಂಡವೇ: 100.4 ಡಿಗ್ರಿ ಮೀರಿದ ಜ್ವರ, ಕೆಮ್ಮು ಇಲ್ಲದಿರುವುದು, ಕತ್ತಿನ ಮುಂಭಾಗದಲ್ಲಿ ನೋಯುವ ಗಂಟು, ಊದಿದ ಅಥವಾ ಕೀವು ಕಟ್ಟಿದ ಟಾನ್ಸಿಲ್. ಇವು ಹೆಚ್ಚಿದಷ್ಟೂ ಸ್ಟ್ರೆಪ್ ಸಂಶಯ ಹೆಚ್ಚು. ಆದರೆ ನಾಲ್ಕೂ ಇದ್ದ ಮಕ್ಕಳಲ್ಲಿಯೂ ಎಷ್ಟೋ ಜನರಿಗೆ ಪರೀಕ್ಷೆಯಲ್ಲಿ ಸ್ಟ್ರೆಪ್ ಸಿಗುವುದಿಲ್ಲ.

3. ಟಾನ್ಸಿಲ್ ಮೇಲಿನ ಬಿಳಿ ಚುಕ್ಕೆ ನೋಡಿ ತೀರ್ಪು ಕೊಡಬೇಡಿ

ಟಾರ್ಚ್ ಹಾಕಿ ನೋಡಿ, "ಬಿಳಿ ಇದೆ, ಇನ್ಫೆಕ್ಷನ್ ಆಗಿದೆ, ಆ್ಯಂಟಿಬಯೋಟಿಕ್ ಬೇಕು" ಎನ್ನುವವರು ಬಹಳ. ಅಡೆನೊ ವೈರಸ್ಸಿನಂಥ ವೈರಸ್‌ಗಳೂ ಟಾನ್ಸಿಲ್ ಮೇಲೆ ಅಂಥದೇ ಬಿಳಿ ಪದರ ತರುತ್ತವೆ. ಬಾಯೊಳಗೆ ಸಣ್ಣ ಹುಣ್ಣುಗಳಿದ್ದು ಅಂಗೈ, ಅಂಗಾಲಿನಲ್ಲೂ ಗುಳ್ಳೆ ಬಂದಿದ್ದರೆ ಅದು ಕೈ-ಕಾಲು-ಬಾಯಿ ರೋಗ, ವೈರಸ್ಸಿನದೇ. ಮರಳು ಕಾಗದದಂತೆ ಒರಟಾದ ಕೆಂಪು ದದ್ದು ಮೈಮೇಲೆದ್ದಿದ್ದರೆ ಮಾತ್ರ ಸ್ಟ್ರೆಪ್ ಕಡೆಗೆ ಬೆರಳು ತೋರುತ್ತದೆ.

ಒಂದು ಬಿಳುಪನ್ನು ಬೇರೆಯಾಗಿ ಹೇಳಬೇಕು. ಬೂದು ಬಣ್ಣದ ದಪ್ಪ ಪೊರೆ ಟಾನ್ಸಿಲ್ಲಿಗೆ ಅಂಟಿಕೊಂಡು, ಕತ್ತು ಊದಿಕೊಂಡಿದ್ದರೆ ಡಿಫ್ತೀರಿಯಾ, ಅಂದರೆ ಗಂಟಲಮಾರಿ ಇರಬಹುದು. ಅದು ನಮ್ಮ ದೇಶದಿಂದ ಇನ್ನೂ ತೊಲಗಿಲ್ಲ. ಪೊರೆಯನ್ನು ಕೆರೆದು ತೆಗೆಯಲು ಹೋಗಬೇಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಿ. ಐದಾರು ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್, ಹತ್ತು ಮತ್ತು ಹದಿನಾರು ವರ್ಷಕ್ಕೆ ಕೊಡುವ ಟಿಡಿ ಚುಚ್ಚುಮದ್ದು ತಪ್ಪಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ.

4. ಒಂಬತ್ತು ದಿನದ ಲೆಕ್ಕ ತಿಳಿದಿರಲಿ

ಸ್ಟ್ರೆಪ್ ಗಂಟಲು ನೋವು ಚಿಕಿತ್ಸೆ ಇಲ್ಲದೆಯೂ ವಾರದೊಳಗೆ ತಗ್ಗುತ್ತದೆ. ಹಾಗಾದರೆ ಔಷಧ ಯಾಕೆ? ಮುಖ್ಯವಾಗಿ ಮುಂದೆ ಬರಬಹುದಾದ ರುಮಾಟಿಕ್ ಜ್ವರ ತಡೆಯುವುದಕ್ಕೆ. ಸ್ಟ್ರೆಪ್ ವಿರುದ್ಧ ದೇಹ ಹೂಡಿದ ಹೋರಾಟ ಕೆಲವು ಮಕ್ಕಳಲ್ಲಿ ತಪ್ಪಿ ಹೃದಯದ ಕವಾಟಗಳ ಮೇಲೆ ತಿರುಗುತ್ತದೆ. ಆ ಹಾನಿ ಬದುಕಿಡೀ ಉಳಿಯಬಹುದು. ನಮ್ಮ ದೇಶದಲ್ಲಿ ಕವಾಟದ ಶಸ್ತ್ರಚಿಕಿತ್ಸೆಗೆ ಬರುವ ಎಷ್ಟೋ ಯುವಜನರ ಕಾಯಿಲೆ ಬಾಲ್ಯದ ಇಂಥದೊಂದು ಗಂಟಲು ನೋವಿನಿಂದ ಶುರುವಾದದ್ದು.

ನೆಮ್ಮದಿಯ ಮಾತೆಂದರೆ, ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಆರಂಭಿಸಿದರೆ ರುಮಾಟಿಕ್ ಜ್ವರವನ್ನು ತಡೆಯಬಹುದು. ಆದ್ದರಿಂದ ಮೊದಲ ರಾತ್ರಿಯೇ ಊಹೆಯ ಮೇಲೆ ಔಷಧ ಕೊಡುವ ಅಗತ್ಯವಿಲ್ಲ. ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷಿಸಲು ಸಮಯವಿದೆ. ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಬೇಕು, ರ‍್ಯಾಪಿಡ್ ಪರೀಕ್ಷೆ ಸಿಗುವ ಕಡೆ ನಿಮಿಷಗಳಲ್ಲೇ ತಿಳಿಯುತ್ತದೆ. "ಸ್ವ್ಯಾಬ್ ಪರೀಕ್ಷೆ ಮಾಡಿಸಬಹುದಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಪರೀಕ್ಷೆಯ ಸೌಲಭ್ಯವಿಲ್ಲದ ಊರಿನಲ್ಲಿ ವೈದ್ಯರು ಲಕ್ಷಣ ನೋಡಿಯೇ ನಿರ್ಧರಿಸುತ್ತಾರೆ. ಅದೂ ಸರಿಯಾದ ದಾರಿಯೇ.

5. ನೋವಿಗೆ ಮದ್ದು ಕೊಡಿ, ತೂಕದ ಲೆಕ್ಕದಲ್ಲಿ

ವೈರಸ್ ಇರಲಿ, ಬ್ಯಾಕ್ಟೀರಿಯಾ ಇರಲಿ, ನೋವು ತಗ್ಗಿದರೆ ಮಗು ನೀರು ಕುಡಿಯುತ್ತದೆ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ. 20 ಕಿಲೋ ಮಗುವಿಗೆ 300 ಮಿಲಿಗ್ರಾಂ ಆಯಿತು. ಎಡವುವುದು ಇಲ್ಲೇ: 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಎಂಎಲ್ ಸಾಕು, 120 ಮಿಲಿಗ್ರಾಂ ಇರುವುದಾದರೆ ಹನ್ನೆರಡೂವರೆ ಎಂಎಲ್ ಬೇಕು. ಬಾಟಲಿ ಬದಲಾದಾಗ ಲೇಬಲ್ ಓದಿ, ಅಡುಗೆಮನೆಯ ಚಮಚ ಬಿಟ್ಟು ಅಳತೆಯ ಮುಚ್ಚಳ ಬಳಸಿ. ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ದಾಟಬಾರದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಡೆಂಗಿ ಹರಡಿರುವ ಕಾಲದಲ್ಲಿ ಐಬುಪ್ರೊಫೇನನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ.

ಮುಕ್ಕಳಿಸಿ ಉಗುಳಲು ಬರುವ ಮಗುವಾದರೆ ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿಕೊಡಿ. ಗಂಜಿ, ರಾಗಿ ಅಂಬಲಿ ಸುಲಭವಾಗಿ ಇಳಿಯುತ್ತವೆ. ಐಸ್‌ಕ್ರೀಮ್ ಕೇಳಿದರೂ ಕೊಡಬಹುದು. ತಂಪು ನೋವನ್ನು ತಗ್ಗಿಸುತ್ತದೆಯೇ ಹೊರತು ಸೋಂಕು ತರುವುದಿಲ್ಲ.

6. ಕೊಟ್ಟ ಆ್ಯಂಟಿಬಯೋಟಿಕ್ ಪೂರ್ತಿ ಮುಗಿಸಿ

ಸ್ಟ್ರೆಪ್ಪಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಹತ್ತು ದಿನ. ಮೂರನೆಯ ದಿನಕ್ಕೆ ಮಗು ಆಟಕ್ಕೆ ಇಳಿಯುತ್ತದೆ, ಔಷಧ ನಿಂತುಹೋಗುತ್ತದೆ. ಗಂಟಲಲ್ಲಿ ಉಳಿದ ಸ್ಟ್ರೆಪ್ ಹೋಗಲಿಕ್ಕೇ ಉಳಿದ ಏಳು ದಿನ ಬೇಕಾಗಿರುವುದು. ಹತ್ತು ದಿನ ಕೊಡುವುದು ಕಷ್ಟವೆನಿಸಿದರೆ ಮೊದಲೇ ಹೇಳಿ, ಒಂದೇ ಪೆನಿಸಿಲಿನ್ ಚುಚ್ಚುಮದ್ದಿನ ದಾರಿಯೂ ಇದೆ. ಮೂರು ದಿನದ ಅಜಿತ್ರೊಮೈಸಿನ್ ಪಟ್ಟಿಯನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಅದಕ್ಕೆ ಬಗ್ಗದ ಸ್ಟ್ರೆಪ್ ತಳಿಗಳಿವೆ, ಪೆನಿಸಿಲಿನ್ನಿಗೆ ಬಗ್ಗದ್ದು ಈವರೆಗೆ ಕಂಡಿಲ್ಲ. ಔಷಧ ಶುರುವಾಗಿ ಒಂದು ದಿನ ಕಳೆದು ಜ್ವರವೂ ಬಿಟ್ಟಿದ್ದರೆ ಶಾಲೆಗೆ ಕಳಿಸಬಹುದು.

7. ವಾಸಿಯಾದ ಮೇಲೂ ಮೂರ್ನಾಲ್ಕು ವಾರ ಗಮನವಿರಲಿ

ವೈರಸ್ ಎಂದು ಮನೆಯಲ್ಲೇ ನೋಡಿಕೊಂಡ ಮಗುವಿಗೆ ಮೂರು ದಿನವಾದರೂ ಜ್ವರ ಬಿಡದಿದ್ದರೆ, ಇಲ್ಲವೇ ಬಿಟ್ಟ ಜ್ವರ ಮತ್ತೆ ಏರಿದರೆ ವೈದ್ಯರಿಗೆ ತೋರಿಸಿ. ಗಂಟಲು ವಾಸಿಯಾದ ಕೆಲವು ವಾರಗಳಲ್ಲಿ ಮೊಣಕಾಲು ಊದಿ, ಅದು ಇಳಿದು ಇನ್ನೊಂದು ಕೀಲು ಹಿಡಿದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಮುಖ ಊದಿ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಹೋಗಿ. ವೈದ್ಯರು ಕೇಳುವ ಮೊದಲೇ "ಕೆಲವು ವಾರದ ಹಿಂದೆ ಗಂಟಲು ನೋವಾಗಿತ್ತು" ಎಂದು ನೀವೇ ಹೇಳಿ.