ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ

"ಸರ್, ನನ್ನ ಖಾತೆಯಿಂದ ದುಡ್ಡು ಹೋಗಿದೆ."

"ನನ್ನ ಮಿಷನ್‌ಗೆ ಬಂದಿಲ್ಲಮ್ಮಾ."

ಬಸ್ಸಿನಲ್ಲಿ ಈ ವಾದ ಕೇಳಿದ್ದೇವೆ. ಇಬ್ಬರ ಮಾತೂ ನಿಜವಾಗಿರಬಹುದು. ಅದು ಹೇಗೆ?

ಒಬ್ಬ ವಿದ್ಯಾರ್ಥಿನಿ ಕಲ್ಲಡ್ಕದಲ್ಲಿ ಹತ್ತಿ ಬಿ.ಸಿ. ರೋಡಿಗೆ ಟಿಕೆಟ್ ಕೇಳಿದಳೆನ್ನೋಣ. ಕಂಡಕ್ಟರ್ ಹತ್ತಿದ ಸ್ಟೇಜನ್ನೂ ಇಳಿಯುವ ಸ್ಟೇಜನ್ನೂ ಒತ್ತುತ್ತಾರೆ. ದರಪಟ್ಟಿ ಯಂತ್ರದಲ್ಲೇ ಇರುವುದರಿಂದ ಮೊತ್ತ ಕೂಡಲೇ ಬರುತ್ತದೆ. 12 ರೂಪಾಯಿ ಎಂದಿಟ್ಟುಕೊಳ್ಳಿ. ಯುಪಿಐ ಆರಿಸಿದರೆ ಪರದೆಯಲ್ಲಿ ಕ್ಯೂಆರ್ ಕೋಡ್ ಮೂಡುತ್ತದೆ. ಅದರೊಳಗೆ ಅಡಗಿರುವುದು ಇಂಥ ಒಂದು ಸಾಲು:

```
upi://pay?pa=bus@bank&tr=T1047&am=12.00&cu=INR
```

ಇಲ್ಲಿ `pa` ಎಂದರೆ ಹಣ ಸೇರಬೇಕಾದ ವಿಳಾಸ, `am` ಎಂದರೆ ಮೊತ್ತ, `tr` ಎಂದರೆ ಈ ಒಂದು ಪಾವತಿಗಷ್ಟೇ ಕೊಟ್ಟ ಗುರುತು ಸಂಖ್ಯೆ. ಅಂಗಡಿಯಲ್ಲಿ ಅಂಟಿಸಿರುವ ಕೋಡ್‌ನಲ್ಲಿ ಸಾಮಾನ್ಯವಾಗಿ ವಿಳಾಸ ಮಾತ್ರ ಇರುತ್ತದೆ, ಮೊತ್ತವನ್ನು ನಾವೇ ಒತ್ತಬೇಕು. ಇಲ್ಲಿ ಪಿನ್ ಒತ್ತಿದರೆ ಸಾಕು.

ಪಿನ್ ಒತ್ತಿದ ಮೇಲೆ ಮೊಬೈಲ್ ನೇರವಾಗಿ ಯಂತ್ರದ ಜೊತೆ ಮಾತಾಡುವುದಿಲ್ಲ. ಅವಳ ಬ್ಯಾಂಕಿನಿಂದ ಹಣ ಯುಪಿಐ ಜಾಲದ ಮೂಲಕ ಬಸ್ ಸಂಸ್ಥೆಯ ಬ್ಯಾಂಕಿಗೆ ಹೋಗುತ್ತದೆ. ಇತ್ತ ಯಂತ್ರ ತನ್ನ ಸಿಮ್ ಮೂಲಕ ಸರ್ವರಿಗೆ "T1047 ಬಂತೇ?" ಎಂದು ಕೇಳುತ್ತಿರುತ್ತದೆ. "ಬಂತು" ಎಂಬ ಉತ್ತರ ಸಿಕ್ಕಿದ ಮೇಲೆಯೇ ಟಿಕೆಟ್ ಮುದ್ರಣ. ಬಸ್ಸು ಸಿಗ್ನಲ್ ಇಲ್ಲದ ತಿರುವಿಗೆ ಬಂದರೆ ಈ ಕೊನೆಯ ಉತ್ತರವಷ್ಟೇ ತಪ್ಪಿಹೋಗುತ್ತದೆ. ಅತ್ತ ದುಡ್ಡು ಹೋಗಿರುತ್ತದೆ, ಇತ್ತ ಟಿಕೆಟ್ ಬಂದಿರುವುದಿಲ್ಲ.

ಆಗ ಅವಸರದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಡಿ. ಹೊಸ ಕೋಡ್‌ಗೆ ಹೊಸ ಸಂಖ್ಯೆ, ಅಂದರೆ ಎರಡನೇ ಪಾವತಿ. ಸಿಗ್ನಲ್ ಬಂದಾಗ ಹಳೆಯ ಪಾವತಿಯ ಸ್ಥಿತಿಯನ್ನೇ ಇನ್ನೊಮ್ಮೆ ನೋಡುವಂತೆ ಕಂಡಕ್ಟರರನ್ನು ಕೇಳಿ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಅದನ್ನು ನೋಡಿ ಅವರು ಒಪ್ಪದಿದ್ದರೆ ಬೇಸರ ಬೇಡ. ಕೊನೆಗೂ ಟಿಕೆಟ್ ಬರದಿದ್ದರೆ ನಗದು ಕೊಟ್ಟು ಟಿಕೆಟ್ ಪಡೆಯಿರಿ. ತಪಾಸಣೆಯವರಿಗೆ ಬೇಕಾದದ್ದು ಟಿಕೆಟ್. ಆ್ಯಪ್‌ನಲ್ಲಿರುವ 12 ಅಂಕಿಗಳ ಯುಪಿಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಣ ಕಡಿತವಾಗಿಯೂ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ 5 ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ನಿಯಮವಿದೆ.

ಮೆಟ್ರೊದಲ್ಲೂ ನಡೆಯುವ ಎನ್‌ಸಿಎಂಸಿ ಕಾರ್ಡಿಗೆ ಈ ತೊಂದರೆ ಕಡಿಮೆ. ಅದರ ಚಿಪ್ಪಿನಲ್ಲೇ ಹಣದ ಲೆಕ್ಕ ಇರುತ್ತದೆ. ಕಾರ್ಡ್ ಓದಬಲ್ಲ ಯಂತ್ರಕ್ಕೆ ತಾಗಿಸಿದಾಗ ಯಂತ್ರ ಆ ಲೆಕ್ಕದಿಂದಲೇ ಮೊತ್ತ ಕಳೆಯುತ್ತದೆ, ಆ ಕ್ಷಣ ಸಿಗ್ನಲ್ ಬೇಕಿಲ್ಲ. ಆದರೆ ಕಾರ್ಡನ್ನು ಬೇಗ ಎಳೆದರೆ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ. ಬೀಪ್ ಬರುವವರೆಗೆ ಹಿಡಿದಿರಿ.

ಕೊನೆಗೆ ಕೈಗೆ ಬರುವ ಚೀಟಿಯಲ್ಲಿ ಶಾಯಿಯೇ ಇಲ್ಲ. ಕಾಗದದ ಲೇಪನ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡುತ್ತದೆ. ಸುರುಳಿ ತಿರುಗುಮುರುಗಾದರೆ ಖಾಲಿ ಚೀಟಿ ಬರುವುದೂ, ಬಿಸಿಲಲ್ಲಿ ಬಿಟ್ಟ ಟಿಕೆಟ್ ಕೆಡುವುದೂ ಇದೇ ಕಾರಣಕ್ಕೆ. ಬಸ್ ಖರ್ಚಿನ ಲೆಕ್ಕ ಕೊಡಬೇಕಾದವರು ಅಂದೇ ಅದರ ಫೋಟೊ ತೆಗೆದಿಡಿ.