ಎಂ.ಎಸ್. ಸಾಲವೋ, ಕೈಗೆ ಬಂದ ಕೆಲಸವೋ: ಬ್ಯಾಂಕಿನ ಮೇಜಿನಿಂದ ಐದು ಪಾಠಗಳು

ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಮೇ ತಿಂಗಳು ಬಂತೆಂದರೆ ಡೊಂಬಿವಲಿ, ಮುಲುಂಡ್, ಭಾಂಡುಪ್ ಕಡೆಯ ಕನ್ನಡ ಮನೆಗಳವರು ಎರಡು ಕಾಗದ ಹಿಡಿದು ಬರುತ್ತಾರೆ. ಒಂದು ಅಮೆರಿಕದ ವಿಶ್ವವಿದ್ಯಾಲಯದ ಐ-20, ಇನ್ನೊಂದು ಐರೋಲಿಯದೋ ಗೋರೆಗಾಂವ್‌ನದೋ ಕಂಪನಿಯ ಆಫರ್ ಲೆಟರ್. ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು.

1. ಸಾಲವನ್ನು ಮುಂಬಯಿ ಸಂಬಳದಿಂದ ಅಳೆಯಿರಿ

ಎರಡು ವರ್ಷದ ಎಂ.ಎಸ್.ಗೆ 40 ಲಕ್ಷ ಸಾಲ, ಬಡ್ಡಿ ಶೇ. 10 ಎಂದುಕೊಳ್ಳೋಣ. ಮೊದಲ ವರ್ಷ 20 ಲಕ್ಷ, ಎರಡನೇ ವರ್ಷ 20 ಲಕ್ಷ ಬಿಡುಗಡೆಯಾಗುತ್ತದೆ. ಓದು ಮುಗಿದು ಆರು ತಿಂಗಳವರೆಗೆ ಕಂತು ಇಲ್ಲದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ಅದು 8 ಲಕ್ಷ ಆಗಿರುತ್ತದೆ. ತೀರಿಸಬೇಕಾದದ್ದು 48 ಲಕ್ಷ; ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 63,400 ರೂಪಾಯಿ. ಅಮೆರಿಕದಲ್ಲಿ ಕೆಲಸ ಸಿಕ್ಕಿದರೆ ಇದು ಭಾರವಲ್ಲ. ಸಿಗದೆ ಊರಿಗೆ ಬಂದು ಇಲ್ಲಿ ಕೈಗೆ ಒಂದು ಲಕ್ಷ ಸಂಬಳ ಎಣಿಸಿದರೂ, ಉಳಿಯುವುದು 36 ಸಾವಿರ. ಆ ಹಣದಲ್ಲಿ ಬದುಕು ನಡೆಯುತ್ತದೆ ಎಂದಾದರೆ ಹೋಗಿ. ಇಲ್ಲವಾದರೆ ಸಾಲದ ಮೊತ್ತ ಇಳಿಸುವ ದಾರಿ ಹುಡುಕಿ.

2. ಪ್ಯಾಕೇಜನ್ನೂ ಬಿಡಿಸಿ ನೋಡಿ

14 ಲಕ್ಷದ ಆಫರ್ ಎಂದರೆ ತಿಂಗಳಿಗೆ 1,16,000 ಎಂದು ಮನೆಯವರು ಭಾಗಿಸಿಬಿಡುತ್ತಾರೆ. ಅದರಲ್ಲಿ 1 ಲಕ್ಷ ಜಾಯ್ನಿಂಗ್ ಬೋನಸ್, 1.4 ಲಕ್ಷ ವೇರಿಯಬಲ್ ಇದ್ದು, ಪಿ.ಎಫ್., ಗ್ರಾಚ್ಯುಯಿಟಿಯನ್ನೂ ಸೇರಿಸಿದ್ದರೆ ತಿಂಗಳು ತಿಂಗಳು ಕೈಗೆ ಬರುವುದು 80 ಸಾವಿರದ ಆಸುಪಾಸು. ಜಾಯ್ನಿಂಗ್ ಬೋನಸನ್ನು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೇ, ಆಫರ್ ಲೆಟರಿನಲ್ಲಿ ಓದಿ. ಹಾಗಿದ್ದೂ ಮನೆಯಿಂದಲೇ ಲೋಕಲ್ ಹಿಡಿದು ಓಡಾಡುವ ಹುಡುಗ ಇದರಲ್ಲಿ ತಿಂಗಳಿಗೆ 50 ಸಾವಿರ ಉಳಿಸಬಲ್ಲ. ಎರಡು ವರ್ಷಕ್ಕೆ ಅದು 12 ಲಕ್ಷ. ಮುಂದೆ ಓದಲು ಹೋದರೆ ಅಷ್ಟು ಸಾಲ ಕಡಿಮೆ.

3. ಅಲ್ಲಿನ ಗಡುವುಗಳನ್ನು ಬರೆದಿಟ್ಟುಕೊಳ್ಳಿ

ಓದಿನ ನಂತರ ಅಮೆರಿಕದಲ್ಲಿ ಕೆಲಸಕ್ಕೆ ಒ.ಪಿ.ಟಿ. 12 ತಿಂಗಳು; ಕಂಪ್ಯೂಟರ್ ಸೈನ್ಸ್‌ನಂಥ ವಿಷಯಗಳಿಗೆ ಇನ್ನೂ 24 ತಿಂಗಳ ವಿಸ್ತರಣೆ ಉಂಟು. ಆದರೆ ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಎಚ್-1ಬಿ ವೀಸಾಕ್ಕೆ ಆಯ್ಕೆ ವರ್ಷಕ್ಕೊಮ್ಮೆ. ಖಾಸಗಿ ಕಂಪನಿಗಳಿಗೆ ಮಿತಿ 85,000. 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಕರೆಸಿಕೊಳ್ಳುವ ಹೊಸ ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕ ಬಂದಾಗ, ಒಮ್ಮೆ ಊರಿಗೆ ಮರಳಿದವರಿಗೆ ಮತ್ತೆ ಹೋಗುವುದು ಇನ್ನಷ್ಟು ಕಷ್ಟವಾಯಿತು. ಹಾಗಾಗಿ ವಿಶ್ವವಿದ್ಯಾಲಯದ ರ್‍ಯಾಂಕಿಗಿಂತ ಮೊದಲು, ಅದೇ ಕೋರ್ಸಿನಿಂದ ಹಿಂದಿನ ವರ್ಷ ಹೊರಬಂದವರಿಗೆ ಎಷ್ಟು ದಿನದಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿ ತಿಳಿಯಿರಿ.

4. ಫ್ಲಾಟಿನ ಕಾಗದ ಬಿಚ್ಚಿ ನೋಡಿ

ಅಡಮಾನಕ್ಕೆ ಫ್ಲಾಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಬಂದವರ ಕಡತ ಇಲ್ಲಿಯೇ ನಿಲ್ಲುವುದು ಹೆಚ್ಚು. ಹಳೆಯ ಚಾಳಿನ ಪಗಡಿ ಮನೆಯಾದರೆ ನೀವು ಬಾಡಿಗೆದಾರರು, ಮಾಲೀಕರಲ್ಲ, ಅದನ್ನು ಅಡವಿಡಲಾಗದು. ಶೇರ್ ಸರ್ಟಿಫಿಕೇಟ್ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ, ನಾಮಿನಿ ಅಪ್ಪ ಒಬ್ಬರೇ ಸಹಿ ಹಾಕಿದರೆ ಸಾಲದು. ಅತ್ತೆ, ಚಿಕ್ಕಪ್ಪ ಎಲ್ಲ ವಾರಸುದಾರರೂ ಬೇಕು. ಸೊಸೈಟಿ ರೀಡೆವಲಪ್‌ಮೆಂಟಿಗೆ ಹೊರಟಿದ್ದರೆ ಮತ್ತೊಂದು ತೊಡಕು. ಇದೆಲ್ಲ ಸರಿಯಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಪ್ಪನಿಗೆ 58 ಆಗಿದ್ದರೆ, ಕಂತು ಶುರುವಾಗುವ ಹೊತ್ತಿಗೆ ಅವರು ನಿವೃತ್ತರು. ಮಗ ಕಟ್ಟದಿದ್ದರೆ ಸಹ-ಸಾಲಗಾರರಾಗಿ ಅವರೇ ಕಟ್ಟಬೇಕು, ಅದೂ ವಾಸದ ಮನೆಯೇ ಅಡವಿನಲ್ಲಿರುವಾಗ.

5. ಮುಂದೂಡುವುದಾದರೆ ಕ್ರಮವಾಗಿ ಮುಂದೂಡಿ

ಜಿ.ಆರ್.ಇ. ಅಂಕ ಐದು ವರ್ಷ ನಡೆಯುತ್ತದೆ, ಟೋಫೆಲ್ ಎರಡು ವರ್ಷ ಮಾತ್ರ. ಪ್ರವೇಶವನ್ನು ಒಂದು ವರ್ಷ ಕಾದಿರಿಸುತ್ತಾರೆಯೇ, ಕೊಟ್ಟ ಸ್ಕಾಲರ್‌ಶಿಪ್ ಜೊತೆಗೇ ಉಳಿಯುತ್ತದೆಯೇ ಎಂದು ವಿಶ್ವವಿದ್ಯಾಲಯದಿಂದ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಆಫರ್ ಲೆಟರಿನ ನೋಟಿಸ್ ಅವಧಿ ನೋಡಿ. ಅದು 90 ದಿನವಿದ್ದು ತರಗತಿ ಆಗಸ್ಟಿನಲ್ಲಿ ಶುರುವಾದರೆ, ಮೇ ತಿಂಗಳಲ್ಲೇ ರಾಜೀನಾಮೆ ಕೊಡಬೇಕು. ಆಗಿನ್ನೂ ಬಿ.ಕೆ.ಸಿ.ಯ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನವೇ ಆಗಿರದಿರಬಹುದು. ಅದಕ್ಕೇ ವೀಸಾದ ದಿನಾಂಕವನ್ನು ಆದಷ್ಟು ಬೇಗ ಹಿಡಿಯಿರಿ.

ನನ್ನ ಮಟ್ಟಿಗೆ, ಮೊದಲ ಪಾಠದ ಲೆಕ್ಕದಲ್ಲಿ ಸೋಲುವ ಸಾಲ, ಒಳ್ಳೆಯ ಆಫರ್ ಎರಡೂ ಮುಂದಿದ್ದರೆ ಆಫರನ್ನೇ ಹಿಡಿಯಬೇಕು. ಎರಡು ವರ್ಷದ ಅನುಭವ, 12 ಲಕ್ಷದ ಉಳಿತಾಯದೊಂದಿಗೆ ಮತ್ತೆ ಅರ್ಜಿ ಹಾಕುವವನು ಕೇಳುವುದು 28 ಲಕ್ಷದ ಸಾಲ. ಅದೇ ಬಡ್ಡಿ, ಅದೇ ಅವಧಿಗೆ ಅವನ ಕಂತು 45 ಸಾವಿರ ಮುಟ್ಟುವುದಿಲ್ಲ. ಆ ಕಂತನ್ನು ಮುಂಬಯಿಯಲ್ಲಿ ದುಡಿದೂ ಕಟ್ಟಬಹುದು.